ಪುಟ್ಟಿಯ 87 ಹೇಗೆ 3.07 ಆಯಿತು

ಕೊಲಂಬಸ್, ಒಹಾಯೊ
ಡಿಸೆಂಬರ್ 28

ಪ್ರೀತಿಯ ಅಣ್ಣ, ಅತ್ತಿಗೆಗೆ ನಮಸ್ಕಾರಗಳು.

ಸೋಮವಾರಪೇಟೆಯಲ್ಲಿ ಈಗ ಕಾಫಿ ಕುಯ್ಲಿನ ಹೊತ್ತು, ನೇರ ವಿಷಯಕ್ಕೇ ಬರುತ್ತೇನೆ. ಪುಟ್ಟಿಯ ಐದು ವಿಷಯಗಳ ಶೇಕಡಾ ಅಂಕ ಕೂಡಿಸಿ ಐದರಿಂದ ಭಾಗಿಸಿದರೆ 87 ಬರುತ್ತದೆ, ಕಾಲೇಜು ಮಾತ್ರ ಜಿಪಿಎ, ಅಂದರೆ ಗ್ರೇಡ್ ಅಂಶಗಳ ಸರಾಸರಿ, ನಾಲ್ಕಕ್ಕೆ 3.07 ಕೊಟ್ಟಿದೆ, ಎಲ್ಲಿ ತಪ್ಪಾಯಿತು ಎಂದು ಕೇಳಿದ್ದೆಯಲ್ಲ. ಕಾಲೇಜಿನ ಲೆಕ್ಕ ಸರಿಯಾಗಿಯೇ ಇದೆ. ನೀನು ಎಲ್ಲವನ್ನೂ ಕೂಡಿಸಿ ಆಮೇಲೆ ಗ್ರೇಡ್ ಹುಡುಕಿದೆ. ಇಲ್ಲಿ ಒಂದೊಂದು ವಿಷಯಕ್ಕೂ ಮೊದಲೇ ಗ್ರೇಡ್ ಬೀಳುತ್ತದೆ, ಕೂಡಿಸುವುದು ಆಮೇಲೆ.

ಅವಳ ಕಾಲೇಜಿನಲ್ಲಿರುವುದು ಇಲ್ಲಿ ತುಂಬಾ ಕಡೆ ಕಾಣುವ ಪಟ್ಟಿಯೇ. 93 ಮತ್ತು ಮೇಲೆ ಎ, ಅದಕ್ಕೆ 4.0 ಅಂಶ. 90ರಿಂದ 92 ಎ ಮೈನಸ್, 3.7. 87ರಿಂದ 89 ಬಿ ಪ್ಲಸ್, 3.3. 83ರಿಂದ 86 ಬಿ, 3.0. 80ರಿಂದ 82 ಬಿ ಮೈನಸ್, 2.7. ಎಪ್ಪತ್ತರ ಸಾಲಿನಲ್ಲಿಯೂ ಇದೇ ಕ್ರಮ: 77ರಿಂದ ಸಿ ಪ್ಲಸ್ 2.3, 73ರಿಂದ ಸಿ 2.0, 70ರಿಂದ ಸಿ ಮೈನಸ್ 1.7. ಅರವತ್ತರ ಸಾಲು ಡಿ, ಅದರ ಕೆಳಗೆ ಎಫ್, ಸೊನ್ನೆ. ಗಡಿಗಳು ಕಾಲೇಜಿನಿಂದ ಕಾಲೇಜಿಗೆ ಒಂದೆರಡು ಅಂಕ ಆಚೀಚೆ ಆಗುತ್ತವೆ, ಕೆಲವು ಕಡೆ ಎ ಗ್ರೇಡ್ 94ಕ್ಕೆ ಶುರುವಾಗುತ್ತದೆ. ಆದ್ದರಿಂದ ಬೇರೆ ಕಾಲೇಜಿನ ಪಟ್ಟಿ ಹಿಡಿದು ಲೆಕ್ಕ ಹಾಕಬಾರದು.

ಇದು ಕಾಫಿ ಬೀಜವನ್ನು ಜರಡಿ ಹಿಡಿದ ಹಾಗೆ. ಒಂದು ಜರಡಿಯ ಮೇಲೆ ನಿಂತ ಬೀಜಕ್ಕೆಲ್ಲ ಒಂದೇ ಗ್ರೇಡ್, ಕೂದಲೆಳೆಯಷ್ಟು ಸಣ್ಣದಿದ್ದರೂ ಕೆಳಗಿನದಕ್ಕೆ ಬೀಳುತ್ತದೆ. 83 ಬಂದವರಿಗೂ 86 ಬಂದವರಿಗೂ 3.0 ಅಂಶವೇ.

ಇನ್ನು ಕ್ರೆಡಿಟ್. ವಾರಕ್ಕೆ ಹೆಚ್ಚು ಗಂಟೆ ಪಾಠವಿರುವ ವಿಷಯಕ್ಕೆ ಹೆಚ್ಚು ಕ್ರೆಡಿಟ್. ಗ್ರೇಡಿನ ಅಂಶವನ್ನು ಆ ವಿಷಯದ ಕ್ರೆಡಿಟ್‌ನಿಂದ ಗುಣಿಸಬೇಕು. ಪುಟ್ಟಿಯ ಲೆಕ್ಕ ನೋಡು. ಇತಿಹಾಸದಲ್ಲಿ 88, ಬಿ ಪ್ಲಸ್, 3 ಕ್ರೆಡಿಟ್, ಅಂದರೆ 9.9. ಇಂಗ್ಲಿಷಿನಲ್ಲಿ 91, ಎ ಮೈನಸ್, 3 ಕ್ರೆಡಿಟ್, 11.1. ರಸಾಯನಶಾಸ್ತ್ರದಲ್ಲಿ 76, ಸಿ, 3 ಕ್ರೆಡಿಟ್, 6.0. ಅದರದೇ ಪ್ರಯೋಗಾಲಯದಲ್ಲಿ 98, ಎ, ಆದರೆ ಒಂದೇ ಕ್ರೆಡಿಟ್, 4.0. ಕ್ಯಾಲ್ಕುಲಸ್‌ಗೆ 4 ಕ್ರೆಡಿಟ್, ಗ್ರೇಡ್ ಬಿ, 12.0. ಒಟ್ಟು 43.0 ಅಂಶ, 14 ಕ್ರೆಡಿಟ್.

43.0 ÷ 14 = 3.07

ನಿನ್ನ 87ರಲ್ಲಿ ಪ್ರಯೋಗಾಲಯದ 98ಕ್ಕೂ ಕ್ಯಾಲ್ಕುಲಸ್‌ಗೂ ಸಮಪಾಲು ಸಿಕ್ಕಿತ್ತು. ಕ್ರೆಡಿಟ್ ಲೆಕ್ಕಕ್ಕೆ ತೆಗೆದುಕೊಂಡರೆ ಶೇಕಡಾ ಸರಾಸರಿ 85ರ ಹತ್ತಿರಕ್ಕೆ ಇಳಿಯುತ್ತದೆ. ಇದರ ಮೇಲೆ ರಸಾಯನಶಾಸ್ತ್ರದ ಸಿ ಗ್ರೇಡಿನ ಪೆಟ್ಟು ಬೇರೆ. ನಮ್ಮೂರಿನಲ್ಲಿ 76 ಎಂದರೆ ಹೆಮ್ಮೆಯ ಅಂಕ, ಇಲ್ಲಿ ಅದು ನಡುಮಟ್ಟದ್ದು. ಅತ್ತಿಗೆ, ಅದಕ್ಕಾಗಿ ಅವಳನ್ನು ಬೈಯಬೇಡಿ, ಆದರೆ ಮುಂದಿನ ಸೆಮಿಸ್ಟರಿನಲ್ಲಿ ಅವಳು ಮೊದಲು ನೋಡಬೇಕಾದ ಜಾಗ ಅದೇ.

ಒಂದು ವಿಚಾರ ಮಾತ್ರ ಅವಳಿಗೆ ಖಂಡಿತ ಹೇಳು. ಕ್ಯಾಲ್ಕುಲಸ್‌ನಲ್ಲಿ ಅವಳಿಗೆ ಬಂದದ್ದು 82.6. ಪಟ್ಟಿಯಲ್ಲಿ 82ಕ್ಕೂ 83ಕ್ಕೂ ನಡುವೆ ಏನೂ ಬರೆದಿಲ್ಲ. ಅವಳ ಮೇಷ್ಟರು ಪೂರ್ಣಾಂಕಕ್ಕೆ ಏರಿಸಿ 83 ಮಾಡಿದ್ದರಿಂದ ಬಿ ಸಿಕ್ಕಿತು. ಏರಿಸದ ಮೇಷ್ಟರಾಗಿದ್ದರೆ ಬಿ ಮೈನಸ್, 12.0 ಇದ್ದದ್ದು 10.8, ಒಟ್ಟು 41.8, ಜಿಪಿಎ 2.99. ಅವಳ ವಿದ್ಯಾರ್ಥಿವೇತನ ಉಳಿಯಲು 3.0 ಬೇಕು! ಏರಿಸುತ್ತಾರೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಕೋರ್ಸ್ ಶುರುವಿನಲ್ಲಿ ಕೊಡುವ ಸಿಲಬಸ್‌ನಲ್ಲಿರುತ್ತದೆ. ಅಲ್ಲಿ ಇಲ್ಲದಿದ್ದರೆ ಮೊದಲ ವಾರವೇ ಕೇಳಿಕೊಳ್ಳಬೇಕು. ಅಂಕ ಬಂದ ಮೇಲೆ ಕೇಳಿದರೆ ಅದು ಬೇಡಿಕೆಯಂತೆ ಕಾಣುತ್ತದೆ.

ಮಡಿಕೇರಿಯಲ್ಲಿ ಕೊಡಬೇಕಾದ ಅರ್ಜಿಯಲ್ಲಿ ಶೇಕಡಾ ಕೇಳಿದ್ದಾರೆ ಎಂದಿದ್ದೆ. 3.07ನ್ನು 25ರಿಂದ ಗುಣಿಸಿ 76.75 ಎಂದು ತುಂಬಬೇಡ. ಕ್ರೆಡಿಟ್ ಪ್ರಕಾರ ಅವಳು ಗಳಿಸಿದ್ದು 85, ಸುಮ್ಮನೆ ಎಂಟು ಅಂಕ ಕಳೆದುಕೊಂಡಂತಾಗುತ್ತದೆ. ಹಾಗೆಂದು 85 ಎಂದು ಬರೆಯುವುದೂ ಬೇಡ, ಅವಳು ಫೋನಿನಲ್ಲಿ ಕಳಿಸಿದ ಶೇಕಡಾ ಅಂಕಗಳು ಕಾಲೇಜಿನ ಅಧಿಕೃತ ಅಂಕಪಟ್ಟಿಯಲ್ಲಿ ಇರುವುದಿಲ್ಲ. ಅದರಲ್ಲಿರುವುದು ಗ್ರೇಡ್, ಕ್ರೆಡಿಟ್, ಜಿಪಿಎ ಅಷ್ಟೇ, ದಾಖಲೆ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಆ ಜಾಗದಲ್ಲಿ “ಜಿಪಿಎ 3.07, ಗರಿಷ್ಠ 4.0” ಎಂದು ಬರೆದು, ಅಂಕಪಟ್ಟಿಯ ಜೊತೆ ಕಾಲೇಜಿನ ಗ್ರೇಡ್ ಪಟ್ಟಿಯ ಪ್ರತಿ ಲಗತ್ತಿಸು. ಶೇಕಡಾ ಬೇಕೇಬೇಕು ಎಂದು ಹಟ ಹಿಡಿದರೆ, ಯಾವ ಸೂತ್ರದಿಂದ ಪರಿವರ್ತಿಸಬೇಕು ಎಂದು ಅವರಿಂದಲೇ ಬರೆಸಿಕೊಂಡು ಬಾ. ಪುಟ್ಟಿ ಗ್ರೇಡ್ ಪಟ್ಟಿಯನ್ನು ಇವತ್ತೇ ನಿನಗೆ ಕಳಿಸುತ್ತಾಳೆ.

ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಮ್ಮ