ಚಾರ್ಜ್ ತೆಗೆದುಕೊಂಡು ಒಂದು ವರ್ಷ: ಕೆಲವರಿಗೆ ನಾನು ಹೇಳಲೇಬೇಕಾದ ಥ್ಯಾಂಕ್ಸ್

ಹೋದ ವರ್ಷ ಜೂನ್ 30ರಂದು ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಹೆಡ್ಮಾಸ್ಟರ್ ವಯೋನಿವೃತ್ತಿ ಹೊಂದಿದರು. ಅದೇ ಮಧ್ಯಾಹ್ನ ನಾನು ಅವರಿಂದ ಪ್ರಭಾರ ವಹಿಸಿಕೊಂಡೆ. ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಒಂದರಿಂದ ಎಂಟನೇ ತರಗತಿವರೆಗೆ 148 ಮಕ್ಕಳು. ಈಗ ವರ್ಷ ತುಂಬಿದೆ. ಆ ಮೊದಲ ತಿಂಗಳನ್ನು ದಾಟಿಸಿದವರಿಗೆ ನಾನು ಸರಿಯಾಗಿ ಕೃತಜ್ಞತೆ ಹೇಳಿಯೇ ಇಲ್ಲ.

ಮೊದಲ ನಮಸ್ಕಾರ ನಿವೃತ್ತರಾದ ಆ ಸರ್‌ಗೆ. ಆ ದಿನ ಸಿಟಿಸಿಗೆ, ಅಂದರೆ ಪ್ರಭಾರ ವರ್ಗಾವಣೆ ಪತ್ರಕ್ಕೆ, ಇಬ್ಬರೂ ಸಹಿ ಮಾಡಿದೆವು. ಅದು ಆಗಲೇಬೇಕು, ಇಲ್ಲದಿದ್ದರೆ ಅವರ ಬಿಡುಗಡೆಯೂ ಇಲ್ಲ, ನನ್ನ ಹಾಜರಿಯೂ ಇಲ್ಲ. ಆದರೆ ಸಾಮಾನುಗಳ ಚಾರ್ಜ್ ಲಿಸ್ಟ್ ಮುಂದೆ ಬಂದಾಗ ನನ್ನ ಕೈ ತಡೆಯಿತು. "ವಹಿಯಂತೆ ಎಲ್ಲವನ್ನೂ ಪಡೆದಿರುತ್ತೇನೆ" ಎಂಬ ಒಂದೇ ಸಾಲು ಟೈಪಾಗಿತ್ತು. ಹಾರ ತುರಾಯಿ ಆಗಿದೆ, ಊರವರು ಊಟಕ್ಕೆ ಕಾಯುತ್ತಿದ್ದಾರೆ. ಅಂಥ ಹೊತ್ತಿನಲ್ಲಿ "ಸರ್, ಎಣಿಸಿ ತೂಗಿ ಆಮೇಲೆ ಸಹಿ ಮಾಡ್ತೀನಿ" ಎನ್ನುವುದು ಬಹಳ ಕಷ್ಟ. ಹಿರಿಯರು, ಅನುಮಾನ ಪಟ್ಟೆ ಅಂದುಕೊಂಡರೆ ಎಂಬ ಅಳುಕು. ಅವರು ಒಂದು ಕ್ಷಣ ಸುಮ್ಮನಿದ್ದು, "ಮೇಡಂ, ಹಾಗೇ ಮಾಡಿ. ನಾಳೆಯಿಂದ ನಾನೇ ಬರ್ತೀನಿ" ಎಂದರು. ಪಿಂಚಣಿ ಕಾಗದಗಳಿಗೆ, ಶಾಲೆಗೆ ಕೊಡಬೇಕಾದ ಬಾಕಿ ಏನೂ ಇಲ್ಲ ಎನ್ನುವ ಬೇಬಾಕಿ ಪತ್ರ ಬೇಕಾಗಿದ್ದ ಸಮಯ ಅದು. ಆತಂಕ ಅವರಿಗೆ ನನಗಿಂತ ಹೆಚ್ಚಿತ್ತು. ಆದರೂ ಹನ್ನೊಂದು ದಿನ ಬಂದರು.

ದೊಡ್ಡ ಸಮಸ್ಯೆ ಸಿಕ್ಕಿದ್ದು ಬಿಸಿಯೂಟದ ಕೋಣೆಯಲ್ಲಿ. ದಾಸ್ತಾನು ಪುಸ್ತಕದ ಪ್ರಕಾರ ಅಕ್ಕಿ 412 ಕೆಜಿ ಇರಬೇಕಿತ್ತು. ಬಾಯಿ ಕಟ್ಟಿದ ಏಳು ಮೂಟೆ, ಐವತ್ತರಂತೆ 350. ಉಳಿದ 62 ಡ್ರಮ್ಮಿನಲ್ಲಿ. ನಮ್ಮಲ್ಲಿ ತಕ್ಕಡಿ ಇರಲಿಲ್ಲ. ಪಕ್ಕದ ಮನೆಯ ಅಣ್ಣ ಕೊಬ್ಬರಿ ತೂಗುವ ಕಾಟಾ ಹೊತ್ತು ತಂದುಕೊಟ್ಟು, ತಾವೇ ನಿಂತು ಮೂಟೆ ಎತ್ತಿದರು. ಖಾಲಿ ಚೀಲದ ತೂಕ ಕಳೆದ ಮೇಲೆ ಏಳು ಮೂಟೆಯಿಂದ ಸಿಕ್ಕಿದ್ದು 343 ಕೆಜಿ. ಡ್ರಮ್ಮಿನಲ್ಲಿದ್ದದ್ದು ಬರೀ 13. ಒಟ್ಟು 56 ಕೆಜಿ ಕಡಿಮೆ.

ಇಂಥ ಸುದ್ದಿ ಊರಿಗೆ ಹೇಗೆ ಹೋಗುತ್ತದೆಂದು ನಿಮಗೆ ಗೊತ್ತು. "ಹಳೇ ಮೇಷ್ಟ್ರು ಅಕ್ಕಿ ತಿಂದ್ರು" ಎನ್ನಲು ಒಂದು ಸಂಜೆ ಸಾಕು. ಅದನ್ನು ತಡೆದವರು ನಮ್ಮ ಮುಖ್ಯ ಅಡುಗೆಯ ಅಕ್ಕ. "ಮೇಡಂ, ಜೂನ್ ಕೊನೇ ವಾರ ಸರ್ ಮೂರು ದಿನ ಪಿಂಚಣಿ ಕೆಲಸಕ್ಕೆ ತಾಲ್ಲೂಕಿಗೆ ಹೋಗಿದ್ರು. ಅಡುಗೆ ನಾವು ಮಾಡಿದ್ವಿ, ಪುಸ್ತಕದಲ್ಲಿ ಬರ್ದಿದ್ದಾರಾ ನೋಡಿ" ಎಂದರು. ಬರೆದಿರಲಿಲ್ಲ. ಆ ಮೂರು ದಿನ ಎಷ್ಟು ಮಕ್ಕಳು ಉಂಡರೆಂದು ಆಕೆ ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡಿದ್ದರು. ತರಗತಿ ಹಾಜರಿ ಪುಸ್ತಕಕ್ಕೆ ಹೋಲಿಸಿದೆವು, ತಾಳೆಯಾಯಿತು.

ಲೆಕ್ಕ ಸರಳ. ಒಂದರಿಂದ ಐದರವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಎಂಟರವರಿಗೆ 150 ಗ್ರಾಂ. ಮೊದಲ ದಿನ ಚಿಕ್ಕವರು 90, ದೊಡ್ಡವರು 50: ಹದಿನಾರೂವರೆ ಕೆಜಿ. ಎರಡನೇ ದಿನ 92 ಮತ್ತು 48 ಮಕ್ಕಳಿಗೆ 16.4. ಮೂರನೇ ದಿನ 88 ಮತ್ತು 46 ಮಕ್ಕಳಿಗೆ 15.7. ಕೂಡಿದರೆ 48.6 ಕೆಜಿ. ಡ್ರಮ್ಮಿನಲ್ಲಿ ಕಡಿಮೆ ಬಿದ್ದದ್ದು 49. ಸರ್ ಕಾಗದದ ಮೇಲಿನ ಆ ಎರಡು ಅಂಕಿಗಳನ್ನೇ ಬಹಳ ಹೊತ್ತು ನೋಡುತ್ತಾ ಕೂತಿದ್ದರು.

ಅಲ್ಲಿ ಇನ್ನೊಂದು ತಪ್ಪು ಆಗಬಹುದಿತ್ತು. ಬಿಟ್ಟುಹೋದ ಮೂರು ಸಾಲನ್ನು ಹಳೆಯ ತಾರೀಖಿನ ನಡುವೆ ತುರುಕಿ ಬರೆದುಬಿಡೋಣ ಎಂದು ನನಗೇ ಅನ್ನಿಸಿತ್ತು. ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ನಮ್ಮ ಸಿಆರ್‌ಪಿ ಸರ್ ತಡೆದರು. ನಾವು ಬರೆಯುತ್ತಿರುವ ದಿನದ ತಾರೀಖನ್ನೇ ಹಾಕಿಸಿದರು. ಯಾವ ಮೂರು ದಿನದ ಖರ್ಚು, ಯಾವ ಹಾಜರಿಯ ಆಧಾರ ಎಂಬ ಷರಾ ಬರೆಸಿ, ಇಬ್ಬರಿಂದಲೂ ಸಹಿ ತೆಗೆದುಕೊಂಡು ತಾವೂ ಸಹಿ ಮಾಡಿದರು. ನಡುವೆ ತುರುಕಿದ ಸಾಲು ಆಡಿಟ್‌ನವರ ಕಣ್ಣಿಗೆ ಮೊದಲು ಬೀಳುತ್ತದೆ, ಆಮೇಲೆ ನಿಜವನ್ನೂ ಯಾರೂ ನಂಬುವುದಿಲ್ಲ ಎಂದರು. ಮೂಟೆಗಳಲ್ಲಿ ಕಡಿಮೆಯಿದ್ದ 7 ಕೆಜಿಗೆ ಕಾರಣ, ಇಳಿಸಿಕೊಳ್ಳುವಾಗ ತೂಗದೆ ಮೂಟೆಗೆ ಐವತ್ತು ಎಂದೇ ಬರೆದುಕೊಂಡು ಬಂದದ್ದು. ಅದನ್ನು ಬೇರೆ ಮಹಜರಿನಲ್ಲಿ ತೋರಿಸಿ ತಾಲ್ಲೂಕು ಅಕ್ಷರ ದಾಸೋಹ ಕಚೇರಿಗೆ ಕಳಿಸಿದೆವು. ಈಗ ಕಾಟಾ ನೋಡಿದ ಮೇಲೆಯೇ ಲಾರಿಯವರ ರಸೀದಿಗೆ ಸಹಿ. ಮೊದಲೆರಡು ಸಲ ಲಾರಿಯವರು ಸಿಡುಕಿದರು, ಈಗ ಅವರೇ ಮೂಟೆ ಕಾಟಾದ ಮೇಲೆ ಇಡುತ್ತಾರೆ.

ಬ್ಯಾಂಕಿನದು ಬೇರೆ ಕಥೆ. ಶಾಲೆಯ ಖಾತೆ ಹೆಡ್ಮಾಸ್ಟರ್ ಮತ್ತು ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯ, ಅಧ್ಯಕ್ಷರ ಜಂಟಿ ಹೆಸರಿನಲ್ಲಿತ್ತು. ಸರ್ ನಿವೃತ್ತರಾದರು. ಅಧ್ಯಕ್ಷರ ಮಗಳು ಎಂಟನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋಗಿದ್ದರಿಂದ ಅವರು ಪೋಷಕ ಸದಸ್ಯರಾಗಿ ಉಳಿಯುವಂತಿರಲಿಲ್ಲ. ಎರಡೂ ಸಹಿ ಒಟ್ಟಿಗೇ ನಿಂತುಹೋದವು. ಸಭೆ ಕರೆದು, ಹೊಸ ಅಧ್ಯಕ್ಷರನ್ನು ಆರಿಸಿ, ನಡಾವಳಿ ಬರೆದು, ಅದರ ಪ್ರತಿ ಬ್ಯಾಂಕಿಗೆ ಕೊಟ್ಟು ಸಹಿ ಬದಲಾಗುವಷ್ಟರಲ್ಲಿ 26 ದಿನ ಹಿಡಿಯಿತು. ಅಷ್ಟೂ ದಿನ ತರಕಾರಿ ಕಡ ಕೊಟ್ಟ ಸಂತೆಯ ಅಂಗಡಿಯ ತಾಯಿಗೆ ನಾನು ಋಣಿ. ಒಂದು ದಿನವೂ ಸಾಂಬಾರಿಗೆ ತರಕಾರಿ ತಪ್ಪಲಿಲ್ಲ. ಸ್ಥಾನ ಬಿಟ್ಟುಕೊಡಬೇಕಾದ ಹಳೆಯ ಅಧ್ಯಕ್ಷರು ಬೇಸರ ಮಾಡಿಕೊಳ್ಳದೆ ಮನೆಮನೆಗೆ ಹೋಗಿ ಪೋಷಕರನ್ನು ಸಭೆಗೆ ಕರೆತಂದರು. ಅವರಿಗೂ ಕೈಮುಗಿಯುತ್ತೇನೆ.

ಮಕ್ಕಳ ದಾಖಲೆಗಳಿರುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದ ಲಾಗಿನ್‌ಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆಯೂ ಸರ್‌ದೇ ಆಗಿತ್ತು. ಹೈಸ್ಕೂಲಿಗೆ ಸೇರಿದ ಒಂಬತ್ತು ಮಕ್ಕಳ ಟಿಸಿ ಬಾಕಿ. ಸಂಖ್ಯೆ ಬದಲಾಗುವವರೆಗೆ ಫೋನ್ ಮಾಡಿದಾಗಲೆಲ್ಲ, ಒಮ್ಮೆ ಮದುವೆ ಮನೆಯ ವಾದ್ಯದ ಸದ್ದಿನ ನಡುವೆಯೂ, ಅವರು ಓಟಿಪಿ ಓದಿ ಹೇಳಿದರು.

ನಮ್ಮ ಹಿರಿಯ ಸಹ ಶಿಕ್ಷಕಿಗೂ ಒಂದು ಮಾತು. ಆ ತಿಂಗಳು ನನ್ನ ಗಣಿತದ ಪೀರಿಯಡ್‌ಗಳನ್ನು ನಾನು ಕೇಳುವ ಮೊದಲೇ ಅವರು ಹಂಚಿಕೊಂಡರು. ಹೆಡ್ ಆಗುವ ಹಿರಿತನ ಅವರಿಗೂ ಇತ್ತು. ಅದು ಗೊತ್ತಿದ್ದೇ ಈ ಸಾಲು ಬರೆಯುತ್ತಿದ್ದೇನೆ, ಮೇಡಂ.

ಹೋದ ಶುಕ್ರವಾರ ಸರ್ ಶಾಲೆಗೆ ಬಂದಿದ್ದರು. ಪಿಂಚಣಿ ಪ್ರತಿ ತಿಂಗಳು ಸರಿಯಾಗಿ ಬರುತ್ತಿದೆಯಂತೆ. ಮಕ್ಕಳ ಸಾಲಿನಲ್ಲೇ ಕೂತು ಉಂಡರು. ಎದ್ದು ಕೈ ತೊಳೆದವರು ದಾಸ್ತಾನು ಕೋಣೆಯ ಬಾಗಿಲಲ್ಲಿ ನಿಂತು, ಅಡುಗೆಯ ಅಕ್ಕನನ್ನು "ಕ್ಯಾಲೆಂಡರಿನಲ್ಲಿ ಈಗಲೂ ಬರೀತೀಯೇನಮ್ಮಾ?" ಎಂದು ಕೇಳಿದರು. ಆಕೆ ಒಳಗೆ ಹೋಗಿ ಈ ವರ್ಷದ ಕ್ಯಾಲೆಂಡರ್ ತಂದು ಅವರ ಕೈಗಿಟ್ಟರು.