ಶನಿವಾರದ ಬ್ಯಾಡ್ಜ್ ಕೌಂಟರ್: ಎಲ್ಲರೂ ಓದಿ

ನೋಂದಣಿ ತಂಡದವರೇ, ಈ ಸಲ ಹೆಸರು ಹಾಕಿದ ಬ್ಯಾಡ್ಜ್‌ಗಳನ್ನು ಮೊದಲೇ ಪ್ರಿಂಟ್ ಮಾಡಿ ಅಕಾರಾದಿಯಾಗಿ ಜೋಡಿಸಿಡುವುದಿಲ್ಲ. ಹೋದ ವರ್ಷ ಹಾಗೆ ಮಾಡಿ, ಕೊನೇ ಎರಡು ದಿನ ಸೇರಿದವರಿಗೆ ಪೆನ್ನಿನಲ್ಲಿ ಬರೆದುಕೊಟ್ಟೆವು. ಬಾರದವರ ಬ್ಯಾಡ್ಜ್‌ಗಳೋ, ಎರಡು ಡಬ್ಬ ತುಂಬ ಉಳಿದವು.

ಈ ಬಾರಿ ಪ್ರೆಸ್‌ನಿಂದ ಲೋಗೋ, ಬಣ್ಣದ ಪಟ್ಟಿ ಮಾತ್ರ ಇರುವ ಖಾಲಿ ಕಾರ್ಡ್ ಬರುತ್ತದೆ. ಅತಿಥಿ ಬಂದು ಕ್ಯೂಆರ್ ತೋರಿಸಿದಾಗಲೇ ಹೆಸರಿನ ಲೇಬಲ್ ಪ್ರಿಂಟ್. ಹಾಗಾಗಿ ನಿನ್ನೆ ಸೇರಿದವರಿಗೂ ಮೂರು ತಿಂಗಳ ಹಿಂದೆ ಸೇರಿದವರಿಗೂ ಒಂದೇ ಸಾಲು. ಪ್ರಿಂಟ್ ಒತ್ತುವ ಮೊದಲು ಸ್ಕ್ರೀನ್ ತಿರುಗಿಸಿ ಹೆಸರು ತೋರಿಸಿ. ತಪ್ಪಿದ್ದರೆ ಅಲ್ಲೇ ತಿದ್ದಿ. ಹಣ ಬಂದಿಲ್ಲ, ಹೆಸರೇ ಸಿಗುತ್ತಿಲ್ಲ ಎಂಬ ತಕರಾರು ಬಂದರೆ ಸಾಲಿನಲ್ಲಿ ನಿಂತು ವಾದ ಬೇಡ, ಪಕ್ಕದ ಸಹಾಯ ಮೇಜಿಗೆ ಕಳಿಸಿ.

ಒಬ್ಬರಿಗೆ 45 ಸೆಕೆಂಡ್ ಹಿಡಿದರೆ ಒಂದು ಕೌಂಟರ್‌ನಿಂದ ಗಂಟೆಗೆ 80 ಜನ. ಉದ್ಘಾಟನೆಗೆ ಮುಂಚಿನ ಒಂದು ಗಂಟೆಯಲ್ಲೇ 600 ಜನ ಬರಬಹುದು, ಅದಕ್ಕೇ 8 ಕೌಂಟರ್. ಒಂದು ಪ್ರಿಂಟರ್ ಹೆಚ್ಚುವರಿ ಇಟ್ಟಿದ್ದೇವೆ.

ಶುಕ್ರವಾರ ಸಂಜೆ ಪ್ರತಿ ಯಂತ್ರದಲ್ಲೂ ‘ಕೃಷ್ಣಪ್ಪ’ ಎಂದು ಪ್ರಿಂಟ್ ಮಾಡಿ ನೋಡಿ. ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಪ್ರಿಂಟರ್‌ನೊಳಗಿನ ಫಾಂಟ್ ಬಳಕೆಯಾಗುತ್ತಿದೆ ಎಂದರ್ಥ. ಲೇಬಲನ್ನು ಚಿತ್ರವಾಗಿ ಕಳಿಸಬೇಕು. ಥರ್ಮಲ್ ರೋಲ್‌ಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಕಪ್ಪಾಗುತ್ತವೆ.

ಕಾರ್ಡ್‌ನ ಎರಡೂ ಬದಿಗೆ ಲೇಬಲ್ ಅಂಟಿಸಿ. ದಾರದಲ್ಲಿ ತಿರುಗಿಕೊಂಡ ಬ್ಯಾಡ್ಜ್ ಯಾವಾಗಲೂ ಬೆನ್ನನ್ನೇ ತೋರಿಸುತ್ತದೆ!