ಅಪ್ಪನ ಮನೆ ಮಾರಿದರೆ ಅಸಲು ಯಾವುದು?

ಮಾನ್ಯರೇ,

ದಾವಣಗೆರೆಯಲ್ಲಿದ್ದ ಅಪ್ಪನ ಮನೆಯನ್ನು ನಾನೂ ತಂಗಿಯೂ ಸೇರಿ 2025ರ ಡಿಸೆಂಬರ್‌ನಲ್ಲಿ 90 ಲಕ್ಷಕ್ಕೆ ಮಾರಿದೆವು. 1986ರಲ್ಲಿ ಸೈಟು ಕೊಂಡು ಮನೆ ಕಟ್ಟಿಸಲು ಅಪ್ಪನಿಗೆ ಆದ ಖರ್ಚು ಸುಮಾರು ಒಂದೂವರೆ ಲಕ್ಷ. ಅವರು 2016ರಲ್ಲಿ ತೀರಿಕೊಂಡ ಮೇಲೆ ಖಾತೆ ನಮ್ಮಿಬ್ಬರ ಹೆಸರಿಗಾಯಿತು.

ನಮ್ಮ ರಿಟರ್ನ್ ಹಾಕಿಕೊಡುವವರು, 'ಖಾತೆ ಬದಲಾದಾಗ ಮನೆ 55 ಲಕ್ಷ ಬಾಳ್ತಿತ್ತಲ್ಲ ಸಾರ್, ಅದನ್ನೇ ಅಸಲು ಅಂತ ತೋರಿಸೋಣ' ಎಂದರು. ಕೇಳಲು ಹಿತವೇ. ಆದರೆ ಹಾಗೆ ತೋರಿಸಿದ್ದರೆ ನೋಟಿಸು ಬರುತ್ತಿತ್ತು. ತಂದೆಯಿಂದ ಮನೆ ಬಂದಾಗ ತೆರಿಗೆಯಿಲ್ಲ. ಅದಕ್ಕೇ ಮಾರುವಾಗ ಅಪ್ಪನ ಅಸಲೇ ಮಕ್ಕಳ ಅಸಲು, ಅಪ್ಪ ಇಟ್ಟುಕೊಂಡಿದ್ದ ವರ್ಷಗಳೂ ನಮ್ಮ ಲೆಕ್ಕಕ್ಕೆ. ಸತ್ತ ದಿನದ ಬೆಲೆಗೆ ಇಲ್ಲಿ ಕೆಲಸವಿಲ್ಲ.

ಹಾಗೆಂದು ಒಂದೂವರೆ ಲಕ್ಷಕ್ಕೇ ಕಟ್ಟುಬೀಳಬೇಕಿಲ್ಲ. 2001ರ ಏಪ್ರಿಲ್ 1ಕ್ಕಿಂತ ಮುಂಚಿನ ಆಸ್ತಿಯಾದರೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಆದರೆ ಅದು ಆಗಿನ ಮಾರ್ಗಸೂಚಿ ಬೆಲೆಯನ್ನು ದಾಟುವಂತಿಲ್ಲ. ವ್ಯಾಲ್ಯೂಯರ್ 11 ಲಕ್ಷ ಎಂದು ಬರೆದುಕೊಟ್ಟರೂ ಮಾರ್ಗಸೂಚಿಯಂತೆ 8 ಲಕ್ಷವಾದ್ದರಿಂದ ನಮಗೆ ದಕ್ಕಿದ್ದು 8 ಲಕ್ಷ.

ಉಳಿದ 82 ಲಕ್ಷ ಲಾಭ. ಶೇ 12.5ರಂತೆ ತೆರಿಗೆ 10.25 ಲಕ್ಷ, ಸೆಸ್ ಬೇರೆ. 2024ರ ಜುಲೈ 23ಕ್ಕಿಂತ ಮೊದಲಿನ ಆಸ್ತಿಗೆ, ಭಾರತದಲ್ಲೇ ವಾಸಿಸುವವರಾದರೆ, ಹಣದುಬ್ಬರ ಸೇರಿಸಿ ಶೇ 20ರ ಹಳೆಯ ಲೆಕ್ಕವನ್ನೂ ನೋಡಬಹುದು. ಸೂಚ್ಯಂಕ 100ರಿಂದ 376 ಆಗಿರುವುದರಿಂದ 8 ಲಕ್ಷ 30.08 ಲಕ್ಷವಾಗುತ್ತದೆ, ಆಗ ತೆರಿಗೆ ಸುಮಾರು 11.98 ಲಕ್ಷ. ನಮಗೆ ಹೊಸದೇ ಅಗ್ಗವಾಯಿತು. ಅಸಲು ಇನ್ನೂ ಹೆಚ್ಚಿದ್ದವರಿಗೆ ಹಳೆಯದೇ ಲಾಭವಾದೀತು, ಎರಡನ್ನೂ ಲೆಕ್ಕಹಾಕಿ ನೋಡಬೇಕು.

ಲಾಭವನ್ನು ಇಂಥ ಬಾಂಡಿಗೋ ಇನ್ನೊಂದು ಮನೆಗೋ ಹಾಕಿದರೆ ಈ ತೆರಿಗೆಗೆ ವಿನಾಯಿತಿಯಿದೆ. ಅದರ ಮಿತಿ ಮಾರಿದ ಮನೆಗಲ್ಲ, ಪ್ರತಿ ವಾರಸುದಾರರಿಗೆ. ತಂಗಿ ತನ್ನ ಪಾಲಿನ 41 ಲಕ್ಷ ಲಾಭವನ್ನು ಆರು ತಿಂಗಳೊಳಗೆ ಆರ್‌ಇಸಿ ಬಾಂಡಿಗೆ ಹಾಕಿದಳು. ಅಲ್ಲಿ ಮಿತಿ 50 ಲಕ್ಷ, ಐದು ವರ್ಷ ಹಣ ಕೈಗೆ ಸಿಗದು. ನಾನು ಫ್ಲಾಟು ಹುಡುಕುತ್ತಿದ್ದೇನೆ. ಕೊಳ್ಳಲು ಎರಡು ವರ್ಷ, ಕಟ್ಟಿಸಲು ಮೂರು ವರ್ಷ ಕಾಲಾವಕಾಶವಿದೆ. ಹಾಕಬೇಕಾದದ್ದೂ ಲಾಭದಷ್ಟೇ, ಮಾರಿದ ಪೂರ್ತಿ ಹಣವಲ್ಲ. ಆದರೆ ರಿಟರ್ನಿನ ಕಡೇ ದಿನದೊಳಗೆ ಖರ್ಚಾಗದೆ ಉಳಿದದ್ದನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೇ ತುಂಬಬೇಕು. ಮಾಮೂಲಿ ಎಫ್‌ಡಿ ನಡೆಯದು.

ಇಷ್ಟೆಲ್ಲದರಲ್ಲಿ ನಮ್ಮನ್ನು ಹೆಚ್ಚು ಸುಸ್ತುಮಾಡಿದ್ದು 2001ರ ಮಾರ್ಗಸೂಚಿ ಬೆಲೆಯ ಒಂದು ಹಾಳೆ. ಅದಕ್ಕಾಗಿ ಉಪನೋಂದಣಿ ಕಚೇರಿಗೆ ನಾಲ್ಕು ಸಲ ಅಲೆದೆ. ಬಡಾವಣೆವಾರು ಆ ಹಳೆಯ ಪಟ್ಟಿಯನ್ನು ಮನೆಯಲ್ಲೇ ಕುಳಿತು ನೋಡುವಂತೆ ನೋಂದಣಿ ಇಲಾಖೆ ಮಾಡಿಕೊಡಲಿ.

— ನಿವೃತ್ತ ಶಿಕ್ಷಕ, ದಾವಣಗೆರೆ